ಅಂಕಿತದ ವಿವಾದವೂ ತರಗತಿಯ ಚರ್ಚೆಯೂ

ವಚನ ಪಾಠ ಹೇಳುವ ಕನ್ನಡ ಅಧ್ಯಾಪಕನು ಎಂದಾದರೊಮ್ಮೆ ಎದುರಿಸಲೇಬೇಕಾದ ಪ್ರಶ್ನೆಯೊಂದಿದೆ. ಬಸವಣ್ಣನವರ ವಚನಗಳ ಕೊನೆಯಲ್ಲಿ ಬರುವ ‘ಕೂಡಲಸಂಗಮದೇವ’ ಎಂಬ ಅಂಕಿತಕ್ಕೆ ಬದಲಾಗಿ ‘ಲಿಂಗದೇವ’ ಎಂದು ಏಕೆ ಕೆಲವರು ಹೇಳುತ್ತಾರೆ, ಹಾಗೆ ಹೇಳಬಹುದೆ, ಎಂದು ವಿದ್ಯಾರ್ಥಿಯೊಬ್ಬನು ಎದ್ದುನಿಂತು ಕೇಳುತ್ತಾನೆ. “ಅದು ಪಠ್ಯದಲ್ಲಿಲ್ಲ, ಕುಳಿತುಕೊ” ಎಂದು ಬಾಯಿ ಮುಚ್ಚಿಸುವುದು ಒಂದು ದಾರಿ. ಅಧ್ಯಾಪಕನು ತನ್ನ ಪಕ್ಷವನ್ನು ಹತ್ತು ನಿಮಿಷ ಆವೇಶದಿಂದ ಸಮರ್ಥಿಸಿ ಗಂಟೆ ಹೊಡೆದೊಡನೆ ಹೊರಟುಹೋಗುವುದು ಇನ್ನೊಂದು ದಾರಿ. ಮೊದಲನೆಯದರಿಂದ ಪ್ರಶ್ನೆ ಸಾಯುವುದಿಲ್ಲ, ಜಗಲಿಗೆ ಹೋಗಿ ಅಲ್ಲಿ ಕೆಡುತ್ತದೆ. ಎರಡನೆಯದರಿಂದ ತರಗತಿಯಲ್ಲಿ ಎರಡು ಪಂಗಡಗಳು ಹುಟ್ಟುತ್ತವೆ. ಪ್ರಶ್ನೆಯನ್ನು ಪಾಠವನ್ನಾಗಿಯೇ ಎತ್ತಿಕೊಳ್ಳುವ ಮೂರನೆಯ ದಾರಿಯೊಂದಿದೆ. ಹತ್ತನೆಯ ತರಗತಿಗೂ ಪದವಿಪೂರ್ವ ತರಗತಿಗಳಿಗೂ ಒಪ್ಪುವಂತೆ, ನಲವತ್ತು ನಿಮಿಷಗಳ ಎರಡು ಪಾಠವೇಳೆಗಳಲ್ಲಿ ಅದನ್ನು ನಡೆಸುವ ಬಗೆಯನ್ನು ಇಲ್ಲಿ ವಿಚಾರಿಸಿದೆ.

ಮೊದಲು ಅಧ್ಯಾಪಕನಿಗೆ ವಿಷಯದ ಸಂಗತಿಗಳು ಖಚಿತವಾಗಿರಬೇಕು. 1970ರಲ್ಲಿ ಜಗದ್ಗುರು ಪೀಠವನ್ನೇರಿದ ಮಾತೆ ಮಹಾದೇವಿಯವರು 1996ರಲ್ಲಿ ‘ಬಸವ ವಚನ ದೀಪ್ತಿ’ ಎಂಬ ಸಂಕಲನವನ್ನು ಪ್ರಕಟಿಸಿದರು. ಅದರಲ್ಲಿ ಬಸವಣ್ಣನವರ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಮಾರ್ಪಡಿಸಲಾಗಿತ್ತು. ಇದರಿಂದ ಭಕ್ತಸಮುದಾಯದಲ್ಲಿ ತೀವ್ರವಾದ ವಿರೋಧ ಎದ್ದಿತು. 1998ರಲ್ಲಿ ಕರ್ನಾಟಕ ಸರ್ಕಾರವು ಅಧಿಸೂಚನೆ ಹೊರಡಿಸಿ ಗ್ರಂಥವನ್ನು ಮುಟ್ಟುಗೋಲು ಹಾಕಿಕೊಂಡಿತು. ಲೇಖಕಿಯವರು ನ್ಯಾಯಾಲಯದ ಮೊರೆಹೊಕ್ಕರು. ಉಚ್ಚ ನ್ಯಾಯಾಲಯದಲ್ಲಿ ಅವರಿಗೆ ಜಯ ದೊರೆಯಲಿಲ್ಲ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು. 2019ರಲ್ಲಿ ಅವರು ಲಿಂಗೈಕ್ಯರಾದರು. ಪರ ವಿರೋಧಗಳೆರಡಕ್ಕೂ ಸಮಾನವಾದ ಸಂಗತಿಗಳು ಇಷ್ಟೆ. ಇದಕ್ಕಿಂತ ಹೆಚ್ಚಿನದೆಲ್ಲ ಚರ್ಚೆಯ ವಿಷಯ.

ಈ ವಿವಾದವು ತರಗತಿಯಲ್ಲಿ ಕೈಮೀರಿ ಹೋಗುವುದಕ್ಕೆ ಮುಖ್ಯ ಕಾರಣವೆಂದರೆ, ಒಂದೇ ಹೆಸರಿನಲ್ಲಿ ನಾಲ್ಕು ಬೇರೆಬೇರೆ ಪ್ರಶ್ನೆಗಳು ಹೆಣೆದುಕೊಂಡಿರುವುದು. ಬಸವಣ್ಣನವರು ಏನೆಂದು ಹಾಡಿದರು ಎಂಬುದು ಪಾಠದ ಪ್ರಶ್ನೆ. ಅದಕ್ಕೆ ಓಲೆಗರಿಗಳೇ ಸಾಕ್ಷಿ. ಭಕ್ತನು ತನ್ನ ಪೂಜಾವೇಳೆಯಲ್ಲಿ ದೇವರನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬುದು ಶ್ರದ್ಧೆಯ ಪ್ರಶ್ನೆ. ಅಲ್ಲಿ ಓಲೆಗರಿ ಸಾಕ್ಷಿ ಹೇಳಲಾರದು. ಸರ್ಕಾರವು ಒಂದು ಗ್ರಂಥವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದೆ ಎಂಬುದು ಕಾನೂನಿನ ಪ್ರಶ್ನೆ. ಯಾರಿಗೆ ಎಲ್ಲಿ ನೋವಾಯಿತು ಎಂಬುದು ನಾಲ್ಕನೆಯದು, ಅದು ಮನಸ್ಸಿನ ಪ್ರಶ್ನೆ. ಅಂಕಿತವನ್ನು ಬದಲಿಸಿದ್ದು ತಪ್ಪೆಂದು ನಂಬಿದವನು ಮುಟ್ಟುಗೋಲೂ ತಪ್ಪೆಂದು ನಂಬಬಹುದು. ಅದರಲ್ಲಿ ಯಾವ ವಿರೋಧವೂ ಇಲ್ಲ. ಪೂಜೆಯಲ್ಲಿ ‘ಲಿಂಗದೇವ’ ಎನ್ನುವವನು ಮುದ್ರಿತ ಗ್ರಂಥದಲ್ಲಿ ಮಾತ್ರ ಹಳೆಯ ಅಂಕಿತವೇ ಇರಲಿ ಎನ್ನಬಹುದು, ಅದರಲ್ಲಿಯೂ ವಿರೋಧವಿಲ್ಲ. ಈ ನಾಲ್ಕನ್ನು ಕಪ್ಪುಹಲಗೆಯ ಮೇಲೆ ನಾಲ್ಕು ಮೂಲೆಗಳಲ್ಲಿ ಬರೆದು, ಮಾತನಾಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮಾತು ಯಾವ ಮೂಲೆಗೆ ಸೇರಿದ್ದೆಂದು ಮೊದಲು ಹೇಳಿಯೇ ಮುಂದುವರಿಯಬೇಕೆಂಬ ಕಟ್ಟಳೆಯನ್ನು ಮಾಡಿದರೆ ಅರ್ಧ ಜಗಳ ಅಲ್ಲಿಯೇ ಕರಗುತ್ತದೆ.

ಮೊದಲನೆಯ ಪಾಠವೇಳೆಯನ್ನು ಪೂರ್ತಿಯಾಗಿ ಪಾಠದ ಪ್ರಶ್ನೆಗೇ ಮೀಸಲಿಡುವುದು ಯುಕ್ತ. ಕಾರಣ ಸರಳವಾದದ್ದು: ಇಲ್ಲಿ ಮಕ್ಕಳಿಗೆ ಕೈಯಲ್ಲಿ ಹಿಡಿದು ನೋಡಲು ವಸ್ತುವಿರುತ್ತದೆ, ವಸ್ತುವಿದ್ದಲ್ಲಿ ಧ್ವನಿ ಏರುವುದು ಕಡಮೆ. ಅಧ್ಯಾಪಕನು ಐದಾರು ಜನ ಶರಣರ ತಲಾ ಎರಡು ವಚನಗಳನ್ನು ಅಂಕಿತದ ಭಾಗವನ್ನು ಬಿಟ್ಟು ಬರೆದುಕೊಡಬೇಕು. ಯಾವುದು ಯಾರದೆಂದು ಗುರುತಿಸುವಂತೆ ಹೇಳಬೇಕು. ಚೆನ್ನಾಗಿ ಓದಿದ ಮಕ್ಕಳೂ ಇಲ್ಲಿ ತಪ್ಪುತ್ತಾರೆ. ಆಮೇಲೆ ಅಂಕಿತಗಳನ್ನು ಹಲಗೆಯ ಮೇಲೆ ಬರೆಯಬೇಕು: ಅಲ್ಲಮಪ್ರಭುಗಳದು ಗುಹೇಶ್ವರ, ಅಕ್ಕಮಹಾದೇವಿಯವರದು ಚೆನ್ನಮಲ್ಲಿಕಾರ್ಜುನ, ಸಿದ್ಧರಾಮರದು ಕಪಿಲಸಿದ್ಧಮಲ್ಲಿಕಾರ್ಜುನ, ಜೇಡರ ದಾಸಿಮಯ್ಯನವರದು ರಾಮನಾಥ. ಬಸವಣ್ಣನವರದು ಕೂಡಲಸಂಗಮದೇವ, ಅವರ ಸೋದರಳಿಯರಾದ ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ಮಾವ ಅಳಿಯಂದಿರ ವಚನಗಳನ್ನು ಬೇರ್ಪಡಿಸುವುದು ‘ಚೆನ್ನ’ ಎಂಬ ಒಂದೇ ಮಾತು ಎಂಬುದನ್ನು ಕಂಡಾಗ ಅಂಕಿತದ ಬೆಲೆ ಏನೆಂಬುದು ವಿವರಣೆಯಿಲ್ಲದೆಯೇ ತಿಳಿಯುತ್ತದೆ. ವಚನಕಾರರು ತಮ್ಮ ಹೆಸರನ್ನು ಬರೆಯದೆ ದೇವರ ಹೆಸರನ್ನು ಬರೆದರು. ಆದುದರಿಂದ ದೇವರ ಹೆಸರೇ ಕರ್ತೃವಿನ ಗುರುತಾಯಿತು.

ಮುಂದೆ ಅಂಕಿತವು ವಾಕ್ಯದಲ್ಲಿ ಮಾಡುವ ಕೆಲಸವನ್ನು ತೋರಿಸಬೇಕು. ಅದು ಪತ್ರದ ಕೊನೆಯ ರುಜುವಿನಂತೆ ಹೊರಗೆ ನಿಂತಿಲ್ಲ. ಬಹುಕಡೆ ಅದು ಸಂಬೋಧನೆ, ಕೆಲವೆಡೆ ಕರ್ತೃಪದ, ಕೆಲವೆಡೆ ಷಷ್ಠಿಯಲ್ಲಿ ನಿಂತು ಮುಂದಿನ ಪದವನ್ನು ಕೂಡಿಕೊಂಡಿರುತ್ತದೆ. ಲಘು ಗುರುಗಳನ್ನು ಎಣಿಸಬಲ್ಲ ಮಕ್ಕಳಿಂದ ಎರಡು ಅಂಕಿತಗಳ ಮಾತ್ರೆಗಳನ್ನು ಎಣಿಸಿಸಬಹುದು. ‘ಕೂಡಲಸಂಗಮದೇವ’ ಎಂಬಲ್ಲಿ ಎಂಟು ಅಕ್ಷರ, ಹನ್ನೊಂದು ಮಾತ್ರೆ; ‘ಲಿಂಗದೇವ’ ಎಂಬಲ್ಲಿ ನಾಲ್ಕು ಅಕ್ಷರ, ಆರು ಮಾತ್ರೆ. ವಚನಕ್ಕೆ ಛಂದಸ್ಸಿನ ಕಟ್ಟಿಲ್ಲವಾದರೂ ಉಸಿರಿನ ಕಟ್ಟಿದೆ. ಹನ್ನೊಂದು ಮಾತ್ರೆಯಲ್ಲಿ ಇಳಿದು ನಿಲ್ಲಬೇಕಾದ ಉಸಿರು ಆರರಲ್ಲಿಯೇ ನಿಂತರೆ ಕಿವಿಗೆ ಗೊತ್ತಾಗುತ್ತದೆ. ಇದು ಯಾರ ಶ್ರದ್ಧೆಯನ್ನೂ ಮುಟ್ಟದ ವಿಚಾರ. ಎರಡು ಪಕ್ಷದವರೂ ಒಟ್ಟಿಗೆ ಕುಳಿತು ಎಣಿಸಬಹುದಾದದ್ದು.

ಇಷ್ಟಕ್ಕೆ ನಿಲ್ಲಿಸಿದರೆ ಅದು ಅರ್ಧಸತ್ಯವಾದೀತು. ಹಳೆಯ ಪಾಠವೆಂದರೆ ಬಸವಣ್ಣನವರ ಕೈಬರಹವೆಂಬ ಭ್ರಮೆ ಮಕ್ಕಳಿಗೆ ಬರಬಾರದು. ಶರಣರು ಬಾಳಿದ್ದು ಹನ್ನೆರಡನೆಯ ಶತಮಾನದಲ್ಲಿ. ನಮಗೆ ಉಳಿದಿರುವ ಓಲೆಗರಿಯ ಪ್ರತಿಗಳು ಬಹುಮಟ್ಟಿಗೆ ಹದಿನೈದನೆಯ ಶತಮಾನದವು ಮತ್ತು ಅನಂತರದವು. ಒಂದೇ ವಚನವು ಒಂದು ಕಟ್ಟಿನಲ್ಲಿ ಒಬ್ಬ ಶರಣರ ಅಂಕಿತದಿಂದಲೂ ಮತ್ತೊಂದರಲ್ಲಿ ಇನ್ನೊಬ್ಬರ ಅಂಕಿತದಿಂದಲೂ ಬಂದಿರುವುದುಂಟು. ಶೂನ್ಯಸಂಪಾದನೆಯನ್ನು ನಾಲ್ವರು ಸಂಕಲನಕಾರರು ನಾಲ್ಕು ಬಗೆಯಾಗಿ ಹೊಂದಿಸಿ, ಬಿಡಿ ವಚನಗಳನ್ನು ಸಂವಾದದ ರೂಪಕ್ಕೆ ತಂದರು. ಹಾಗಾದರೆ ಅವರು ಮಾಡಿದ್ದು ಸರಿ, 1996ರಲ್ಲಿ ಮಾಡಿದ್ದು ಮಾತ್ರ ತಪ್ಪೆ ಎಂದು ಜಾಣ ವಿದ್ಯಾರ್ಥಿಯು ಕೇಳಿಯೇ ಕೇಳುತ್ತಾನೆ. ಅದು ಒಳ್ಳೆಯ ಪ್ರಶ್ನೆ, ಅಧ್ಯಾಪಕನು ಅದಕ್ಕೆ ಹೆದರಬೇಕಾಗಿಲ್ಲ. ಸಂಪಾದನಕಾರರು ವಚನಗಳನ್ನು ಹೊಸ ಕ್ರಮದಲ್ಲಿ ಜೋಡಿಸಿದರು. ಯಾರ ಮಾತು ಯಾರದೆಂಬ ಗುರುತನ್ನು ಅಂಕಿತಗಳು ಅಲ್ಲಿಯೂ ಹೊತ್ತು ನಿಂತವು. ಗುರುತನ್ನೇ ಬದಲಿಸುವುದು ಬೇರೆಯ ಜಾತಿಯ ಕೆಲಸ. ಬಸವಣ್ಣನವರ ವಚನಗಳಲ್ಲಿ ‘ಕೂಡಲಸಂಗಯ್ಯ’ ಮೊದಲಾದ ರೂಪಭೇದಗಳು ದೊರೆತರೂ ಅವೆಲ್ಲ ಒಂದೇ ಹೆಸರಿನ ಕೊಂಬೆಗಳು. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಅಚ್ಚು ಮಾಡಿಸಿದಂದಿನಿಂದ ನಡೆದುಬಂದ ಪಾಠಶೋಧನೆಯ ಪರಂಪರೆಯೂ ಈ ಅಂಕಿತವನ್ನೇ ಸ್ಥಿರವೆಂದು ಹಿಡಿದಿದೆ. ಆದುದರಿಂದ ಪಾಠದ ಮೂಲೆಯಲ್ಲಿ ಉತ್ತರವು ಸಂದಿಗ್ಧವಲ್ಲ. ಬಸವಣ್ಣನವರ ಹೆಸರಿನಲ್ಲಿ ಅಚ್ಚಾಗುವ ಗ್ರಂಥದಲ್ಲಿ ಹಳೆಯ ಅಂಕಿತವೇ ಇರತಕ್ಕದ್ದು. ಸಮತೂಕದ ಹೆಸರಿನಲ್ಲಿ ಇದನ್ನು ಮಸುಕುಗೊಳಿಸುವ ಅಧ್ಯಾಪಕನು ವಿದ್ಯೆಗೆ ಎರಡು ಬಗೆಯುತ್ತಾನೆ. ಆದರೆ ಈ ಉತ್ತರವು ಉಳಿದ ಮೂರು ಮೂಲೆಗಳನ್ನು ಗೆದ್ದುಕೊಡುವುದಿಲ್ಲವೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು.

ಎರಡನೆಯ ಪಾಠವೇಳೆಗೆ ಮುನ್ನ ಓದಲು ಕೊಡಬೇಕಾದವು ಮೂರು. ಇಲ್ಲಿ ಒಂದು ಎಚ್ಚರಿಕೆಯುಂಟು. ಮುಟ್ಟುಗೋಲಾದ ಗ್ರಂಥದ ಪ್ರತಿಯನ್ನು ತರಗತಿಗೆ ತರುವುದಾಗಲಿ, ಅದರ ಪುಟಗಳನ್ನು ನಕಲು ಮಾಡಿ ಹಂಚುವುದಾಗಲಿ ಕೂಡದು. ಮುಟ್ಟುಗೋಲಿನ ಅಧಿಸೂಚನೆಯ ಅರ್ಥವೇ ಅಂಥ ಪ್ರತಿಗಳನ್ನು ಎಲ್ಲಿ ಕಂಡರೂ ವಶಪಡಿಸಿಕೊಳ್ಳಬಹುದೆಂಬುದು. ಅದರ ಅವಶ್ಯಕತೆಯೂ ಇಲ್ಲ. ಮಾರ್ಪಾಡು ಏನೆಂಬುದು ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದಾದದ್ದು. ಮೊದಲನೆಯ ಓದು, ಪಾಠಾಂತರಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿರುವ ಯಾವುದಾದರೂ ಶಾಸ್ತ್ರೀಯ ಆವೃತ್ತಿಯ ಒಂದು ಪುಟ. ಎರಡನೆಯದು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಸಾರಾಂಶ. ತೀರ್ಪು ಸಾರ್ವಜನಿಕವಾದ ದಾಖಲೆ, ಅಧ್ಯಾಪಕನು ತಾನೇ ಓದಿ ಒಂದು ಪುಟದಲ್ಲಿ ಕನ್ನಡಿಸಿಕೊಡಬಹುದು. ಮೂರನೆಯದು ಮಾರ್ಪಾಡನ್ನು ಸಮರ್ಥಿಸುವವರ ವಾದ, ಅರ್ಧ ಪುಟ.

ಈ ಅರ್ಧ ಪುಟವೇ ಎಲ್ಲಕ್ಕಿಂತ ಕಠಿಣವಾದದ್ದು. ತಾನು ಒಪ್ಪದ ವಾದವನ್ನು ಬರೆಯುವಾಗ ಲೇಖನಿಯು ತಾನಾಗಿಯೇ ವ್ಯಂಗ್ಯದ ಕಡೆಗೆ ವಾಲುತ್ತದೆ. ಆ ವಾದದ ಹುರುಳನ್ನು ಹೀಗೆ ಹೇಳಬಹುದು: ಬಸವಣ್ಣನವರು ಸ್ಥಾವರವನ್ನು ಬಿಟ್ಟು ಇಷ್ಟಲಿಂಗದ ನಿರಾಕಾರ ಪರಶಿವನನ್ನು ಸಾರಿದರು, ‘ಕೂಡಲಸಂಗಮದೇವ’ ಎಂಬ ಹೆಸರು ಕೃಷ್ಣಾ ಮಲಪ್ರಭೆಗಳ ಸಂಗಮದಲ್ಲಿರುವ ದೇವಾಲಯದ ಸಂಗಮೇಶ್ವರನನ್ನು ನೆನಪಿಗೆ ತಂದು ತತ್ತ್ವವನ್ನು ಮರೆಸುತ್ತದೆ, ‘ಲಿಂಗದೇವ’ ಎಂಬುದು ತತ್ತ್ವವನ್ನು ನೇರವಾಗಿ ಹೇಳುತ್ತದೆ, ಮತ್ತು ಈ ಮಾರ್ಪಾಡಿಗೆ ಬಸವಣ್ಣನವರ ಪ್ರೇರಣೆಯೇ ಉಂಟು. ಬರೆದಾದ ಮೇಲೆ ಆ ಶ್ರದ್ಧೆಯುಳ್ಳ ಒಬ್ಬ ಪರಿಚಿತ ಗೃಹಸ್ಥರಿಗೆ ತೋರಿಸಿ, “ತಾವು ಹೇಳುವುದು ಇದೇ ಅಲ್ಲವೆ?” ಎಂದು ಕೇಳಬೇಕು. ಅವರು ಹೌದೆಂದರೆ ಮಾತ್ರ ಅದು ಓದಿಗೆ ಯೋಗ್ಯ. ಅಲ್ಲವೆಂದರೆ ಮತ್ತೆ ಬರೆಯಬೇಕು.

ಇನ್ನು ಕಟ್ಟಳೆಗಳು. ಇವು ಹೆಚ್ಚಾದಷ್ಟೂ ಮರೆತುಹೋಗುತ್ತವೆ, ಮೂರು ಸಾಕು. ಯಾವ ಮೂಲೆಯ ಮಾತೆಂದು ಹೇಳಿಯೇ ಮಾತನಾಡುವುದು ಮೊದಲನೆಯದು. ಅದನ್ನು ಆಗಲೇ ವಿವರಿಸಿದೆ. ಉತ್ತರ ಹೇಳುವವನು ಮೊದಲು ಎದುರಾಳಿಯ ಮಾತನ್ನು ಅವನು ಒಪ್ಪುವಂತೆ ತಿರುಗಿ ಹೇಳಿ, ಆಮೇಲೆ ತನ್ನ ಮಾತನ್ನು ಆಡುವುದು ಎರಡನೆಯದು. ಪೂರ್ವಪಕ್ಷವನ್ನು ಸರಿಯಾಗಿ ಮಂಡಿಸದವನಿಗೆ ಸಿದ್ಧಾಂತ ಹೇಳುವ ಅಧಿಕಾರವಿಲ್ಲವೆಂಬುದು ನಮ್ಮ ಶಾಸ್ತ್ರಾಧ್ಯಯನದ ಹಳೆಯ ಪದ್ಧತಿಯೇ. ಹೊಸದಾಗಿ ಎಲ್ಲಿಂದಲೂ ತರಬೇಕಾದದ್ದಲ್ಲ. ಯಾವ ವಿದ್ಯಾರ್ಥಿಯ ಮನೆಯ ಆಚಾರವನ್ನೂ ಕೇಳಕೂಡದು, ಸುಮ್ಮನಿರುವವನನ್ನು ಮಾತನಾಡೆಂದು ಒತ್ತಾಯಿಸಕೂಡದು ಎಂಬುದು ಮೂರನೆಯದು. ‘ನಿಮ್ಮವರು’, ‘ನಮ್ಮವರು’ ಎಂಬ ಶಬ್ದಗಳು ಆ ಎಂಬತ್ತು ನಿಮಿಷಗಳಲ್ಲಿ ನಿಷಿದ್ಧ.

ಒಂದು ತರಗತಿಯನ್ನು ಕಲ್ಪಿಸಿಕೊಂಡು ನೋಡಬಹುದು. ನಲವತ್ತು ಮಕ್ಕಳು. ಎರಡನೆಯ ದಿನ. ಮೂರು ಓದುಗಳನ್ನು ಓದಿ ಬಂದಿದ್ದಾರೆ. ಮುಂದಿನ ಸಾಲಿನ ಹುಡುಗನು ಎದ್ದು, “ಇದು ಶ್ರದ್ಧೆಯ ಮೂಲೆ, ಸರ್. ದರ್ಶನದಲ್ಲಿ ಅಪ್ಪಣೆಯಾಯಿತು ಎಂದರೆ ಯಾರಾದರೂ ನಂಬುತ್ತಾರೆಯೆ?” ಎನ್ನುತ್ತಾನೆ. ಹಿಂದಿನ ಬೆಂಚಿನಲ್ಲಿ ನಗು ಏಳುತ್ತದೆ. ಚರ್ಚೆ ಮುರಿಯುವುದು ಇಂಥ ಗಳಿಗೆಯಲ್ಲಿಯೇ. ಅಧ್ಯಾಪಕನು ಗದರಿಸಬೇಕಾಗಿಲ್ಲ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಸಂಗಮನಾಥನು ಬಸವಣ್ಣನವರ ಕನಸಿನಲ್ಲಿ ಬಂದು, ಬಿಜ್ಜಳನ ಮಂಗಳವಾಡಕ್ಕೆ ಹೋಗೆಂದು ಅಪ್ಪಣೆ ಕೊಡುತ್ತಾನಲ್ಲವೆ, ಅದನ್ನು ಓದುವಾಗ ಯಾರೂ ನಗಲಿಲ್ಲವಲ್ಲ ಎಂದು ಶಾಂತವಾಗಿ ನೆನಪಿಸಿದರೆ ಸಾಕು. ಕನಸಿನ ಅಪ್ಪಣೆ ಈ ಪರಂಪರೆಗೆ ಹೊರಗಿನದಲ್ಲ. ಅದು ನಿಜವೆ ಸುಳ್ಳೆ ಎಂದು ತೀರ್ಮಾನಿಸುವ ಸಾಧನ ತರಗತಿಯಲ್ಲಿಲ್ಲ. ಕೇಳಬಹುದಾದ ಪ್ರಶ್ನೆ ಬೇರೆಯದು: ಒಬ್ಬರಿಗಾದ ಅಪ್ಪಣೆ ಯಾರನ್ನು ಕಟ್ಟುತ್ತದೆ? ಅಪ್ಪಣೆ ಪಡೆದವರನ್ನೆ, ಅವರ ಶಿಷ್ಯರನ್ನೆ, ಅಥವಾ ವಚನವನ್ನೋದುವ ಎಲ್ಲರನ್ನೂ ಆ ಅಪ್ಪಣೆ ಕಟ್ಟುತ್ತದೆಯೆ? ಈ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೊಡನೆ ನಗು ನಿಲ್ಲುತ್ತದೆ. ಏಕೆಂದರೆ ಇದಕ್ಕೆ ಉತ್ತರ ಹೇಳಲು ಯೋಚಿಸಬೇಕಾಗುತ್ತದೆ. ಭಕ್ತೆಯಾದ ಹುಡುಗಿಯೊಬ್ಬಳು, “ಮನೆಯಲ್ಲಿ ಹಾಗೆ ಹೇಳಿಕೊಳ್ಳಬಹುದು, ಪುಸ್ತಕದಲ್ಲಿ ಬೇಡ” ಎಂದಾಳು. ಇನ್ನೊಬ್ಬನು, “ಪೀಠಿಕೆಯಲ್ಲಿ ಬದಲಿಸಿದ್ದೇವೆಂದು ಹೇಳಿದ್ದರೆ ತಪ್ಪೇನು?” ಎಂದಾನು. ಶ್ರದ್ಧೆಯ ಮೂಲೆಯಿಂದ ಹೊರಟ ಮಾತು ಪಾಠದ ಮೂಲೆಗೆ ಬಂದು ಮುಟ್ಟಿತು. ಅದನ್ನು ಗಮನಿಸಿ ಹಲಗೆಯ ಮೇಲೆ ಗೆರೆ ಎಳೆದು ತೋರಿಸುವುದಷ್ಟೇ ಅಧ್ಯಾಪಕನ ಕೆಲಸ.

ಕಾನೂನಿನ ಮೂಲೆಗೆ ಹತ್ತು ನಿಮಿಷ ಸಾಕು. 1998ರಲ್ಲಿ ಸರ್ಕಾರವು ಬಳಸಿದ್ದು ಅಂದಿನ ದಂಡ ಪ್ರಕ್ರಿಯಾ ಸಂಹಿತೆಯ 95ನೆಯ ಪ್ರಕರಣ. ಕಾರಣಗಳನ್ನು ಅಧಿಸೂಚನೆಯಲ್ಲಿ ಹೇಳಬೇಕು, ಬಾಧಿತರು ಎರಡು ತಿಂಗಳೊಳಗೆ ಉಚ್ಚ ನ್ಯಾಯಾಲಯಕ್ಕೆ ಹೋಗಬಹುದು ಎಂಬುದು ಅದರ ವ್ಯವಸ್ಥೆ. 2024ರ ಜುಲೈ 1ರಿಂದ ಆ ಸಂಹಿತೆಯ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಇದೇ ಅಧಿಕಾರ ಅದರ 98ನೆಯ ಪ್ರಕರಣದಲ್ಲಿದೆ. ತೀರ್ಪು ಬಂದಿದೆ, ಅದನ್ನು ಎಲ್ಲರೂ ಪಾಲಿಸಬೇಕು; ಆದರೆ ಗ್ರಂಥದೋಷಕ್ಕೆ ಮುಟ್ಟುಗೋಲೇ ಮದ್ದೆ, ಖಂಡನಗ್ರಂಥವೊಂದು ಸಾಲದೆ ಎಂದು ವಿದ್ಯಾರ್ಥಿಗಳು ವಿಚಾರಿಸುವುದು ನ್ಯಾಯಾಲಯಕ್ಕೆ ಅಗೌರವವಲ್ಲ. ಇಲ್ಲಿ ಅಧ್ಯಾಪಕನು ಮೌನವಾಗಿರುವುದೇ ಲೇಸು; ಪಾಠದ ಪ್ರಶ್ನೆಯಂತೆ ಇದಕ್ಕೆ ಓಲೆಗರಿಯ ಸಾಕ್ಷ್ಯವಿಲ್ಲ.

ಚರ್ಚೆ ಕೆಡುತ್ತಿದೆಯೆಂಬುದಕ್ಕೆ ಮೊದಲ ಗುರುತು ಧ್ವನಿ ಏರುವುದಲ್ಲ, ಬಹುವಚನ ಬಿಟ್ಟುಹೋಗುವುದು. ‘ಅವರು ಹೇಳಿದರು’ ಎನ್ನುತ್ತಿದ್ದ ಬಾಯಿ ‘ಅವಳು ಹೇಳಿದಳು’ ಎಂದೊಡನೆ, ವಿಷಯ ಹೋಗಿ ವ್ಯಕ್ತಿ ಬಂದುಬಿಟ್ಟಿತೆಂದು ತಿಳಿಯಬೇಕು. ಮಾತೆ ಮಹಾದೇವಿಯವರನ್ನಾಗಲಿ ಅವರ ವಿರೋಧಿಗಳನ್ನಾಗಲಿ ಏಕವಚನದಿಂದ ಕರೆದರೆ ಆ ವಾಕ್ಯವನ್ನು ಮತ್ತೆ ಹೇಳಿಸಬೇಕು, ಅಷ್ಟೆ. ಬೇರೆ ಶಿಕ್ಷೆ ಬೇಡ. ಎರಡನೆಯ ಗುರುತು, ಮಾತನಾಡುವವನು ಹಲಗೆಯನ್ನು ನೋಡದೆ ಒಬ್ಬ ಸಹಪಾಠಿಯನ್ನೇ ನೋಡಿ ಮಾತನಾಡುವುದು. ಆ ಸಹಪಾಠಿಯ ಮನೆಯ ಆಚಾರ ಊರಿಗೆಲ್ಲ ಗೊತ್ತಿರುತ್ತದೆ. ಆಗ ಮಾತನ್ನು ನಿಲ್ಲಿಸಿ, ಎಲ್ಲರೂ ಎರಡು ನಿಮಿಷ ತಮ್ಮ ವಿಚಾರವನ್ನು ಕಾಗದದ ಮೇಲೆ ಬರೆಯಲಿ ಎಂದು ಹೇಳುವುದು ಉಪಾಯ. ಬರೆಯುವ ಕೈ ನಾಲಗೆಗಿಂತ ನಿಧಾನ. ಮೂರನೆಯದು, ಚರ್ಚೆ ಬೇರೆ ಹೊಲಕ್ಕೆ ನುಗ್ಗುವುದು. 2018ರ ಮಾರ್ಚಿನಲ್ಲಿ ರಾಜ್ಯ ಸರ್ಕಾರವು ಪ್ರತ್ಯೇಕ ಧರ್ಮದ ಮಾನ್ಯತೆಯ ಬಗ್ಗೆ ಕೇಂದ್ರಕ್ಕೆ ಮಾಡಿದ ಶಿಫಾರಸಿನ ಮಾತು ಖಂಡಿತ ಎದ್ದೀತು. ಅದು ದೊಡ್ಡ ಪ್ರಶ್ನೆ, ಅದಕ್ಕೆ ಬೇರೆ ಓದು ಬೇಕು. ಹಲಗೆಯ ಕೆಳಗೆ ಒಂದು ಮೂಲೆಯಲ್ಲಿ ಅದನ್ನು ಬರೆದಿಟ್ಟು ಇಂದಿನದಲ್ಲವೆಂದು ಹೇಳಬೇಕು.

ಅಧ್ಯಾಪಕನ ಸ್ವಂತ ಅಭಿಪ್ರಾಯವೇನೆಂದು ಮಕ್ಕಳು ಕೇಳದೆ ಬಿಡುವುದಿಲ್ಲ. ಕೊನೆಯ ಐದು ನಿಮಿಷದವರೆಗೆ ಅದನ್ನು ಹೇಳಬಾರದು; ಆಮೇಲೆ ಕೇಳಿದರೆ ಮರೆಮಾಚಲೂಬಾರದು. ಮರೆಮಾಚಿದರೆ ಹೆದರಿದನೆಂದು ಮಕ್ಕಳು ತಿಳಿಯುತ್ತಾರೆ, ಮತ್ತು ಅವರು ತಿಳಿದದ್ದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ.

ಪಾಠಕ್ಕೆ ವಾರದ ಮುಂಚೆ ಮುಖ್ಯೋಪಾಧ್ಯಾಯರಿಗೆ ಮೂರು ಓದುಗಳನ್ನೂ ತೋರಿಸಿರಬೇಕು. ಬಸವ ಜಯಂತಿಯ ವಾರದಲ್ಲಿಯೂ ಚುನಾವಣೆಯ ತಿಂಗಳಲ್ಲಿಯೂ ಈ ಪಾಠವನ್ನು ಇಟ್ಟುಕೊಳ್ಳಬಾರದು. ಮರುದಿನ ಪೋಷಕರೊಬ್ಬರು ಬಂದು, “ನಮ್ಮ ಗುರುಗಳನ್ನು ತರಗತಿಯಲ್ಲಿ ನಿಂದಿಸಿದಿರಂತೆ” ಎಂದರೆ, ಅವರನ್ನು ಕುಳ್ಳಿರಿಸಿ ಆ ಅರ್ಧ ಪುಟವನ್ನು ಕೈಗೆ ಕೊಟ್ಟು ಓದಲು ಹೇಳಬೇಕು. ಅದನ್ನು ಬರೆಯುವಾಗ ಪಟ್ಟ ಶ್ರಮ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಹಲಗೆಯ ಮೇಲಿದ್ದ ನಾಲ್ಕು ಮೂಲೆಗಳನ್ನು ಅಳಿಸುವ ಮುನ್ನ ಒಬ್ಬ ವಿದ್ಯಾರ್ಥಿಯಿಂದ ಪ್ರತಿ ಮಾಡಿಸಿ, ದಿನಾಂಕ ಹಾಕಿ, ಪಾಠಯೋಜನೆಯ ಪುಸ್ತಕದೊಳಗೆ ಇಟ್ಟುಕೊಂಡಿದ್ದರೆ ಅದನ್ನೂ ಅವರಿಗೆ ತೋರಿಸಬಹುದು.